ಸಾಠ್ ಕಬರ್ ಮತ್ತು ಒಂದು ‘ಅಂತ’

ವಿಜಯಪುರ ನಗರದ ಪಶ್ಚಿಮಕ್ಕೆ, ಅಫಜಲಪುರ ಟಕ್ಕೆ ಅನ್ನೋ ಭಾಗದ ಹತ್ತಿರ, ಹೊಲಗಳ ನಡುವೆ ಒಂದು ಕಲ್ಲುಕಟ್ಟೆ ಇದೆ. ಅದರ ಮೇಲೆ ಅರವತ್ತಕ್ಕೂ ಹೆಚ್ಚು ಗೋರಿಗಳು ಸಾಲುಸಾಲಾಗಿ ನಿಂತಿವೆ. ಎಲ್ಲಾ ಒಂದೇ ಅಳತೆ, ಒಂದೇ ಕರಿಕಲ್ಲು, ಒಂದೇ ಕೆತ್ತನೆ. ಊರಿನವರು ಇದಕ್ಕೆ ಸಾಠ್ ಕಬರ್ ಅಂತಾರೆ, ಅಂದರೆ ಅರವತ್ತು ಗೋರಿ. ಗೋಳಗುಮ್ಮಟ ನೋಡಿ ಇಬ್ರಾಹಿಂ ರೋಜಾ ನೋಡಿ ಸಂಜೆ ರೈಲು ಹತ್ತುವವರು ಇಲ್ಲಿಗೆ ಬರೋದು ಕಡಿಮೆ. ಬಂದವರಿಗೆ ಮಾತ್ರ ಒಂದು ಕಥೆ ಖಾತ್ರಿ ಸಿಗುತ್ತೆ. ಅದು ಮೂರು ಭಾಷೆಯಲ್ಲಿ ಸಿಗುತ್ತೆ.

ಕನ್ನಡದಲ್ಲಿ ಕೇಳಿದರೆ: “ಅಫಜಲಖಾನ ತನ್ನ ಅರವತ್ತು ಮಂದಿ ಹೆಂಡ್ರನ್ನ ಬಾವ್ಯಾಗ ನೂಕಿ ಕೊಂದನಂತ.” ಆಟೋದವರು ದಖನಿ ಮಾತಾಡುವವರಾಗಿದ್ದರೆ: “ಸಾಠ್ ಬೀವ್ಯಾಂಕು ಮಾರ್ಡಾಲಾ ಕತೆ.” ಟಿಕೋಟಾ ದಾಟಿ ಜತ್ತದ ಕಡೆಯಿಂದ ಬಂದ ಮರಾಠಿಯವರು ಸಿಕ್ಕರೆ: “ಸಾಠ ಬಾಯಕಾಂನಾ ಮಾರಲಂ ಮ್ಹಣೆ.”

ಮೂರೂ ವಾಕ್ಯದ ಬಾಲ ನೋಡಿ. ಅಂತ, ಕತೆ, ಮ್ಹಣೆ. ಆ ಬಾಲ ತೆಗೆದರೂ ಕಥೆ ಪೂರ್ತಿಯಾಗೇ ಇರುತ್ತೆ. ಖಾನ ಇದ್ದಾನೆ, ಹೆಂಡಂದಿರು ಇದ್ದಾರೆ, ಕೊಲೆ ಇದೆ. ಹೋಗೋದು ಒಂದೇ ಒಂದು ಸಂಗತಿ. ಹೇಳುತ್ತಿರೋ ಮನುಷ್ಯನಿಗೆ ಇದು ಹೇಗೆ ಗೊತ್ತಾಯಿತು ಅನ್ನೋದು. ನಾನು ನೋಡಿಲ್ಲ, ಯಾರೋ ಹೇಳಿದ್ದು ಕೇಳಿದ್ದೇನೆ ಅನ್ನೋ ಇಡೀ ಒಪ್ಪಂದ ಆ ಎರಡಕ್ಷರದೊಳಗೆ ಮಡಚಿಕೊಂಡು ಕೂತಿದೆ. ವಿಕಿಪೀಡಿಯಾ ಓದಿ, ಇಂಗ್ಲಿಷಿನ ಪ್ರವಾಸಿ ಪುಟ ಓದಿ, ರೀಲ್ಸ್ ನೋಡಿ. ಬಹಳ ಕಡೆ ಈ ಬಾಲ ಉದುರಿಹೋಗಿ, ಖಾನ ಕೊಂದ ಅನ್ನೋದಷ್ಟೇ ಉಳಿದಿರುತ್ತೆ.

ಭಾಷಾಶಾಸ್ತ್ರದವರು ಈ ಬಾಲದ ಕುಲದವರಿಗೆ ಎವಿಡೆನ್ಷಿಯಲ್ ಅಂತ ಹೆಸರಿಟ್ಟಿದ್ದಾರೆ. ಹೇಳುವವನಿಗೆ ತಿಳಿವಳಿಕೆ ಎಲ್ಲಿಂದ ಬಂತು, ಕಣ್ಣಿಂದಲೋ ಕಿವಿಯಿಂದಲೋ ಊಹೆಯಿಂದಲೋ ಅನ್ನೋದನ್ನ ವ್ಯಾಕರಣವೇ ತೋರಿಸೋ ಏರ್ಪಾಡು. ಅಮೆಜಾನಿನ ತರಿಯಾನಾ ಭಾಷೆಯಲ್ಲಿ ಇದು ಕಡ್ಡಾಯ. ಅಲ್ಲಿ ಇಂಥ ಐದು ಗುರುತುಗಳಿವೆ, ಯಾವುದಾದರೊಂದನ್ನ ಹಚ್ಚದೆ ಒಂದು ಸಾದಾ ಸುದ್ದಿಯನ್ನೂ ಹೇಳೋಕಾಗಲ್ಲ. ಆ ಭಾಷೆಯ ವ್ಯಾಕರಣ ಬರೆದ ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ ಅವರು ಈ ವಿಷಯದ ಮೇಲೇ 2004ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಕನ್ನಡ ಅಷ್ಟು ಕಟ್ಟುನಿಟ್ಟಲ್ಲ. ನಮ್ಮಲ್ಲಿ ಕ್ರಿಯಾಪದದ ಹೊಟ್ಟೆಯೊಳಗೆ ಏನೂ ಬದಲಾಗಲ್ಲ, ವಾಕ್ಯದ ಕೊನೆಗೆ ಒಂದು ತುಣುಕು ಅಂಟುತ್ತೆ, ಅದೂ ಬೇಕಾದರೆ. ಆದರೆ ಅಂಟಿದ ಮೇಲೆ ಅದು ಮಾಡೋ ಕೆಲಸ ಪಕ್ಕಾ ವ್ಯಾಕರಣದ್ದು.

ಮೈಸೂರು ಕಡೆಯ ‘ಅಂತೆ’ ವಿಜಯಪುರದಲ್ಲಿ ಸಾಮಾನ್ಯವಾಗಿ ‘ಅಂತ’. ಬಂದಾನಂತ, ಹೋಗ್ಯಾಳಂತ, ಮಳಿ ಆತಂತ. ಇಲ್ಲಿ ದಕ್ಷಿಣದವರಿಗೆ ಎರಡು ಗೊಂದಲ ಆಗುತ್ತೆ. ಒಂದು, ‘ಬಂದಾನ’ ಅಂದರೆ ಈ ಸೀಮೆಯಲ್ಲಿ ಬಂದಿದ್ದಾನೆ ಅಂತ ಅರ್ಥ. ಬೆಂಗಳೂರಿನ ಕಿವಿ ಅದನ್ನ ‘ಬಂದಾನು’ ಅಂತ ಕೇಳಿಸಿಕೊಂಡು, ಬರಬಹುದು ಅಂತ ತಿಳಿದು, ಬಾಗಿಲಲ್ಲಿ ನಿಂತಿರೋ ಮನುಷ್ಯನಿಗೆ ಕಾಯುತ್ತಾ ಕೂರಬಹುದು. ಎರಡನೆಯದು, ಇಲ್ಲಿ ‘ಅಂವ ಬಂದಾನಂತ ಹೇಳಿದ’ ಅನ್ನೋದರಲ್ಲೂ ‘ಅಂವ ಬಂದಾನಂತ’ ಅನ್ನೋದರಲ್ಲೂ ಒಂದೇ ಅಂತ. ಮೊದಲನೆಯದು ಹೇಳಿದವನ ಮಾತನ್ನ ಅವನ ಹೆಸರಿಗೆ ಕಟ್ಟುವ ದಾರ. ಎರಡನೆಯದರಲ್ಲಿ ದಾರ ಇದೆ, ಆದರೆ ಆ ಕಡೆ ಯಾರೂ ಇಲ್ಲ. ಹೇಳಿದವರು ಯಾರು ಅಂತ ಹೇಳದೇನೇ, ಯಾರೋ ಹೇಳಿದ್ದು ಅಂತ ಹೇಳಿ ಮುಗಿಸುತ್ತೆ.

ಈ ಅಂತವನ್ನ ‘ಅನುಮಾನ ಸೂಚಕ’ ಅಂತ ಒಂದೇ ಮಾತಲ್ಲಿ ವಿವರಿಸಿ ಮುಗಿಸುವವರು ಇದ್ದಾರೆ. ಅದು ಅರ್ಧ ಸತ್ಯ ಕೂಡ ಅಲ್ಲ. ಮನೆಯಲ್ಲಿ ತಮ್ಮ ಬಂದು “ಅವ್ವ ಕರ್ಯಾಕತ್ತಾಳ, ನೀ ಲಗೂನ ಬರಬೇಕಂತ” ಅಂದರೆ ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, ಹೋಗದಿದ್ದರೆ ಬೈಗುಳ ಗ್ಯಾರಂಟಿ. ಅಲ್ಲಿ ಅಂತ ಹೇಳೋದು ಇಷ್ಟೇ: ಹುಕುಂ ನಂದಲ್ಲ, ನಾನು ತಂದವನು. ಅನುಮಾನ ಬೇಕಾದರೆ ಕೇಳುವವನು ಸೇರಿಸಿಕೊಳ್ಳಬಹುದು. ಅಂತ ಮಾಡೋದು ಅನುಮಾನಕ್ಕೆ ಬಾಗಿಲು ತೆರೆದಿಡೋ ಕೆಲಸ.

ಇದನ್ನ ಒಂದು ಸಣ್ಣ ಪರೀಕ್ಷೆಯಿಂದ ನೋಡಬಹುದು. “ಖಾನ ಹೆಂಡ್ರನ್ನ ಕೊಂದ, ಆದ್ರ ಅದು ಖರೇ ಅಲ್ಲ” ಅಂದು ನೋಡಿ. ಎದುರಿನವರು ನಿಮ್ಮ ಮುಖ ನೋಡ್ತಾರೆ. “ಕೊಂದನಂತ, ಆದ್ರ ಅದು ಖರೇ ಅಲ್ಲ” ಅನ್ನಿ, ಯಾರಿಗೂ ತಕರಾರಿಲ್ಲ. ಅಂತ ಇದ್ದಾಗ ವಾಕ್ಯದ ಒಳಗಿನ ಸುದ್ದಿಗೆ ನೀವು ಜಾಮೀನು ನಿಂತಿಲ್ಲ. ಸುದ್ದಿ ನಿಮ್ಮ ಕಿವಿಗೆ ಬಿದ್ದಿದೆ ಅನ್ನೋದಕ್ಕೆ ಮಾತ್ರ ಜಾಮೀನು.

ಇನ್ನೊಂದು ಪರೀಕ್ಷೆ, ಇಲ್ಲ ಅನ್ನೋದರದ್ದು. “ಕೊಂದಿಲ್ಲಂತ” ಅಂದರೆ, ಕೊಂದಿಲ್ಲ ಅನ್ನೋ ಸುದ್ದಿ ಕೇಳಿದ್ದೇನೆ ಅಂತ ಅರ್ಥ. ಕೊಂದ ಅನ್ನೋ ಸುದ್ದಿ ಕೇಳಿಲ್ಲ ಅನ್ನೋ ಅರ್ಥ ಅದಕ್ಕೆ ಯಾವ ರೀತಿಯಲ್ಲೂ ಬರಲ್ಲ. ‘ಇಲ್ಲ’ ಒಳಗಿನ ಕೊಲೆಯನ್ನ ಅಲ್ಲಗಳೀಬಹುದು, ಹೊರಗಿನ ಕೇಳಿಕೆಯನ್ನ ಮುಟ್ಟೋಕಾಗಲ್ಲ. ಅದನ್ನ ಅಲ್ಲಗಳೀಬೇಕಾದರೆ “ಹಂಗ ಅಂತ ನಾ ಕೇಳೇ ಇಲ್ಲ” ಅಂತ ಬೇರೆ ಕ್ರಿಯಾಪದ ತರಬೇಕು. ಪ್ರಶ್ನೆ ಮಾಡಿದಾಗ ಇನ್ನೂ ಮಜಾ. “ಕೊಂದನಂತೇನ್ರಿ?” ಅಂತ ಕೇಳಿದರೆ, ಕೇಳಿಕೆ ನನ್ನಿಂದ ನಿಮ್ಮ ಕಡೆಗೆ ದಾಟುತ್ತೆ. ನಾನು ಕೇಳ್ತಿರೋದು ನಿಮ್ಮ ಕಿವಿಗೆ ಬಿದ್ದದ್ದನ್ನ. ನೀವು ಕಣ್ಣಾರೆ ನೋಡಿದ್ದನ್ನ ನಾನು ಕೇಳ್ತಾನೇ ಇಲ್ಲ.

ಶಾಲೆಯ ಕನ್ನಡ ವ್ಯಾಕರಣದಲ್ಲಿ ಇದು ಎಲ್ಲಿದೆ ಅಂತ ಹುಡುಕಿದರೆ ನಿರಾಸೆ ಕಾದಿದೆ. ಕ್ರಿಯಾಪದದ ಪಾಠದಲ್ಲಿ ಮೂರು ಕಾಲ ಇವೆ, ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಇವೆ. ‘ಅಂತೆ’ ಅನ್ನೋ ಪದ ಸಿಗೋದು ಅವ್ಯಯದ ಪಟ್ಟಿಯಲ್ಲಿ, ಅದೂ ‘ಮುತ್ತಿನಂತೆ’ ಅನ್ನುವಾಗಿನ ಹೋಲಿಕೆಯ ಅಂತೆ. ದಿನಕ್ಕೆ ನೂರು ಸಲ ನಾವು ಬಳಸೋ ಕೇಳಿಕೆಯ ಅಂತೆಗೆ ಅಲ್ಲಿ ಕುರ್ಚಿ ಇಲ್ಲ. ಎರಡೂ ಬೇರೆ ಬೇರೆ ಅನ್ನೋದು ಗೊತ್ತಾಗಬೇಕಾದರೆ ‘ಅವಳು ಡಾಕ್ಟರಂತೆ’ ಅನ್ನೋ ವಾಕ್ಯ ಸಾಕು. ಮುಂದೆ ‘ಮಾತಾಡ್ತಾಳೆ’ ಬಂದರೆ ಡಾಕ್ಟರ್ ಅಲ್ಲ, ಅಲ್ಲಿಗೇ ನಿಂತರೆ ಡಾಕ್ಟರೇ ಇರಬಹುದು.

ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣ ಬರೆದದ್ದರಿಂದ ಹೀಗಾಯಿತು ಅಂತ ದೂರೋದು ರೂಢಿ. ಈ ಒಂದು ವಿಷಯದಲ್ಲಿ ಮಾತ್ರ ಸಂಸ್ಕೃತದವರನ್ನ ದೂರೋದು ಅನ್ಯಾಯ. ಪಾಣಿನಿ ಲಿಟ್ ಅನ್ನೋ ಕ್ರಿಯಾರೂಪಕ್ಕೆ ಕೊಟ್ಟ ನಿಯಮದ ಹೆಸರೇ ‘ಪರೋಕ್ಷ’, ಕಣ್ಣಿಗೆ ಆಚೆ ನಡೆದದ್ದು. ಇವತ್ತಿನದಲ್ಲದ ಹಳೆಯ ಘಟನೆಯನ್ನ ಹೇಳುವವನು ಸ್ವತಃ ನೋಡಿಲ್ಲದಿದ್ದರೆ ಲಿಟ್, ಇಲ್ಲವಾದರೆ ಲಙ್. ಅಂದರೆ ಸುಮಾರು ಎರಡೂವರೆ ಸಾವಿರ ವರ್ಷದ ಹಿಂದಿನ ಒಂದು ವ್ಯಾಕರಣದಲ್ಲಿ ಕ್ರಿಯಾಪದದ ರೂಪವೇ ಸಾಕ್ಷಿಯ ಪ್ರಶ್ನೆ ಕೇಳುತ್ತಿತ್ತು.

ಕ್ರಿಸ್ತಪೂರ್ವ ಎರಡನೇ ಶತಮಾನದ ಪತಂಜಲಿ ಈ ನಿಯಮವನ್ನ ಹಿಂಜಿ ಹಿಂಜಿ ನೋಡ್ತಾನೆ. ಅವನಿಗೆ ಬಂದ ಒಂದು ತೊಡಕು: ನಾನೇ ಮಾಡಿದ ಕೆಲಸ ನನಗೇ ಪರೋಕ್ಷ ಆಗೋದು ಹೇಗೆ? ಉತ್ತಮಪುರುಷದಲ್ಲಿ ಲಿಟ್ ಬರಬಾರದಲ್ಲ? ಬರುತ್ತೆ, ಮನುಷ್ಯ ನಿದ್ದೆಯಲ್ಲೋ ಅಮಲಿನಲ್ಲೋ ಏನೋ ಬಡಬಡಿಸಿ ಮರುದಿನ ಬೇರೆಯವರಿಂದ ತಿಳಿದುಕೊಂಡಿದ್ದರೆ ಅನ್ನೋದು ಅಲ್ಲಿಯ ಉತ್ತರ. ಇದನ್ನ ಓದಿ ನಗು ಬಂತು, ಯಾಕಂದರೆ ನಮ್ಮ ಅಂತ ಕೂಡ ‘ನಾನು’ ಜೊತೆಗೆ ಬರೋದು ಸರಿಯಾಗಿ ಅದೇ ಸಂದರ್ಭಗಳಲ್ಲಿ. “ರಾತ್ರಿ ನಿದ್ದ್ಯಾಗ ನಾ ಚೀರಿದೆನಂತ.” “ನಾ ಸಣ್ಣಾಂವಿದ್ದಾಗ ಎಮ್ಮಿ ಮ್ಯಾಲಿಂದ ಬಿದ್ದಿದ್ದೆನಂತ.” ನಿದ್ದೆ, ಅಮಲು, ಜ್ವರ, ಬಾಲ್ಯ. ನಮ್ಮ ಬದುಕಿನಲ್ಲೇ ನಾವು ಹಾಜರಿಲ್ಲದ ಜಾಗಗಳು.

ಇನ್ನೊಂದು ತೊಡಕು ಇತಿಹಾಸಕ್ಕೆ ಸಂಬಂಧಪಟ್ಟದ್ದು. ಘಟನೆ ನಾನು ನೋಡಿಲ್ಲ, ಆದರೆ ಲೋಕಕ್ಕೆಲ್ಲ ಗೊತ್ತಿದೆ, ಮನಸ್ಸು ಮಾಡಿದ್ದರೆ ಹೋಗಿ ನೋಡಬಹುದಿತ್ತು. ಆಗ ಯಾವ ರೂಪ? ಅಂಥಲ್ಲಿ ಲಿಟ್ ಬೇಡ, ಲಙ್ ಸಾಕು ಅಂತ ಪತಂಜಲಿ ಹೇಳಿ, ಯವನನೊಬ್ಬ ಸಾಕೇತಕ್ಕೆ ಮುತ್ತಿಗೆ ಹಾಕಿದ, ಮಧ್ಯಮಿಕಾಕ್ಕೆ ಮುತ್ತಿಗೆ ಹಾಕಿದ ಅನ್ನೋ ಉದಾಹರಣೆ ಕೊಡ್ತಾನೆ. ಎದುರಿಗೆ ಕೃಷ್ಣ ಕಂಸನನ್ನ ಕೊಂದದ್ದು ಇದೆ, ಅದಕ್ಕೆ ಲಿಟ್. ಅಷ್ಟರಿಂದ ಇತಿಹಾಸಕಾರರು ಒಂದು ಲೆಕ್ಕ ತೆಗೆದರು. ಗ್ರೀಕರ ಆ ಮುತ್ತಿಗೆ ಪತಂಜಲಿಯ ಜೀವಮಾನದಲ್ಲೇ ನಡೆದಿರಬೇಕು, ಇಲ್ಲದಿದ್ದರೆ ಉದಾಹರಣೆ ಕೆಲಸ ಮಾಡಲ್ಲ. ಪತಂಜಲಿಯನ್ನ ಕ್ರಿಸ್ತಪೂರ್ವ 150ರ ಆಸುಪಾಸಿಗೆ ಇಡೋಕೆ ಇರೋ ಮುಖ್ಯ ಆಧಾರಗಳಲ್ಲಿ ಒಂದು ಈ ಕ್ರಿಯಾಪದದ ಪ್ರತ್ಯಯ. ಉದಾಹರಣೆ ಹಳೆಯ ಗುರುಗಳಿಂದ ಬಂದದ್ದಾಗಿರಬಹುದು ಅಂತ ತಕರಾರು ತೆಗೆದವರೂ ಇದ್ದಾರೆ, ಅದು ನ್ಯಾಯವಾದ ತಕರಾರೇ.

ಪಾಣಿನಿಯ ಈ ಭೇದ ಆಮೇಲಿನ ಸಂಸ್ಕೃತದಲ್ಲಿ ಸವೆದು, ಕವಿಗಳು ಎರಡನ್ನೂ ಬೇಕಾದ ಹಾಗೆ ಬಳಸಿದರು. ತುರ್ಕಿಯಲ್ಲಿ ಮಾತ್ರ ಇಂಥದ್ದು ಇವತ್ತಿಗೂ ಜೀವಂತ. ‘ಗೆಲ್ದಿ’ ಅಂದರೆ ಬಂದ, ‘ಗೆಲ್ಮಿಶ್’ ಅಂದರೆ ಬಂದನಂತೆ ಅಥವಾ ಬಂದಿರಬೇಕು. 1070ರ ದಶಕದಲ್ಲೇ ಮಹಮೂದ್ ಅಲ್ ಕಾಶ್ಗರಿ ತನ್ನ ತುರ್ಕಿ ನಿಘಂಟಿನಲ್ಲಿ ಈ ಎರಡು ರೂಪಗಳ ವ್ಯತ್ಯಾಸ ಬರೆದಿಟ್ಟ: ಒಂದು ಹೇಳುವವನ ಎದುರಲ್ಲಿ ನಡೆದದ್ದು, ಇನ್ನೊಂದು ಅವನಿಲ್ಲದಾಗ ನಡೆದದ್ದು.

ತುರ್ಕಿಯನ್ನ ಸುಮ್ಮನೆ ಎಳೆದು ತಂದಿಲ್ಲ. ಆದಿಲ್ ಶಾಹಿ ಮನೆತನದ ಮೊದಲ ಸುಲ್ತಾನ ಯೂಸುಫ್ ಆದಿಲ್ ಖಾನ ಆಟೋಮನ್ ಸುಲ್ತಾನನ ಮಗ, ಅಣ್ಣ ಪಟ್ಟಕ್ಕೆ ಬಂದಾಗ ಕೊಲೆಯಾಗೋದನ್ನ ತಪ್ಪಿಸೋಕೆ ತಾಯಿ ಅವನ ಜಾಗದಲ್ಲಿ ಬೇರೆ ಹುಡುಗನನ್ನಿಟ್ಟು ವ್ಯಾಪಾರಿಯ ಜೊತೆ ಸಾಗಹಾಕಿದಳು ಅನ್ನೋ ಕಥೆ ವಿಜಯಪುರದಲ್ಲಿ ಎಲ್ಲರಿಗೂ ಗೊತ್ತು. ಅದನ್ನ ಬರೆದಿಟ್ಟವನು ಫೆರಿಷ್ತಾ. 1589ರಲ್ಲಿ ಈ ಊರಿಗೆ ಬಂದು ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಪಾರಸಿಯಲ್ಲಿ ಇತಿಹಾಸ ಬರೆದವನು. ಯೂಸುಫ್ ತೀರಿಕೊಂಡದ್ದು 1510ರಲ್ಲಿ, ಫೆರಿಷ್ತಾ ಇದನ್ನೆಲ್ಲ ನೋಡಿರೋದು ಸಾಧ್ಯವೇ ಇಲ್ಲ. ಅವನೂ ಹಾಗೆ ನಟಿಸಲ್ಲ, ಯಾರ ಮನೆತನದವರಿಂದ ಬಂದ ಕಥೆ ಅಂತ ಮೂಲ ಹೇಳ್ತಾನೆ. ಆಳುವ ಮನೆತನಕ್ಕೆ ಇಷ್ಟು ಚಂದದ ವಂಶ ಕಟ್ಟಿಕೊಡೋ ಕಥೆಯನ್ನ ಆ ಮನೆತನದ ಅನ್ನ ಉಂಡವನು ಬರೆದಾಗ ಕೊಂಚ ಎಚ್ಚರ ಇರಲಿ ಅಂತ ಇತಿಹಾಸಕಾರರು ಇದನ್ನ ಅಂತೆಯ ಕಪಾಟಿನಲ್ಲೇ ಇಟ್ಟಿದ್ದಾರೆ. ಪ್ರವಾಸಿ ಪುಸ್ತಿಕೆಗಳು ಹಾಗೆ ಇಡಲ್ಲ.

ಅದೇ ಊರಿನ ಬೀದಿಯಲ್ಲಿ ಬೆಳೆದದ್ದು ದಖನಿ. ಇಬ್ರಾಹಿಂ ಸ್ವತಃ ‘ಕಿತಾಬ್ ಎ ನೌರಸ್’ ಬರೆದದ್ದು ಈ ಭಾಷೆಯಲ್ಲಿ, ನುಸ್ರತಿ ಬರೆದದ್ದೂ ಇದರಲ್ಲೇ. ದಿಲ್ಲಿಯ ಉರ್ದು ಮಾತಾಡುವವರು ಕೇಳಿದ ಸುದ್ದಿ ಹೇಳಬೇಕಾದರೆ ವಾಕ್ಯದ ಮೊದಲಿಗೇ ‘ಸುನಾ ಹೈ ಕಿ’ ಅಂತ ಹಾಕ್ತಾರೆ. ದಖನಿಯವರು ಸುದ್ದಿಯನ್ನ ಪೂರ್ತಿ ಹೇಳಿ, ಕೊನೆಗೆ ‘ಕತೆ’ ಅಂತ ಇಡ್ತಾರೆ. ಇದು ನಮ್ಮ ಕಥೆಯ ಕತೆ ಅಲ್ಲ, ‘ಕಹತೇ’ ಅನ್ನೋದರ ಸವೆದ ರೂಪ. ಕನ್ನಡದ ಅಂತ ಬಂದದ್ದು ಅನ್ನು ಅನ್ನೋ ಧಾತುವಿನಿಂದ. ಮರಾಠಿಯ ಮ್ಹಣೆ, ತೆಲುಗಿನ ಅಟ, ಎಲ್ಲದರ ಬುಡದಲ್ಲೂ ‘ಹೇಳು’ ಅನ್ನೋ ಕ್ರಿಯಾಪದವೇ ಇದೆ, ಎಲ್ಲವೂ ಕೂರೋದು ಸಾಮಾನ್ಯವಾಗಿ ವಾಕ್ಯದ ಬಾಲದಲ್ಲಿ. ನಾಲ್ಕು ಭಾಷೆ, ಎರಡು ಭಾಷಾಕುಲ, ಒಂದೇ ಜಾಗದಲ್ಲಿ ಒಂದೇ ಗಂಟು. ಟಿಕೋಟಾದ ಸಂತೆಯಲ್ಲಿ ಒಣದ್ರಾಕ್ಷಿ ದರ ಕೇಳಿಕೊಂಡು ಬಂದವನು ಮನೆಯಲ್ಲಿ ಕನ್ನಡದಲ್ಲೂ ಅಂಗಡಿಯಲ್ಲಿ ದಖನಿಯಲ್ಲೂ ಜತ್ತದ ಬೀಗರಿಗೆ ಮರಾಠಿಯಲ್ಲೂ ಅದೇ ಸುದ್ದಿ ಹೇಳಬೇಕಾದಾಗ, ಮೂರರಲ್ಲೂ ಬಾಲ ಒಂದೇ ಕಡೆ ಇದ್ದರೆ ನಾಲಿಗೆಗೆ ಅನುಕೂಲ. ಶತಮಾನಗಟ್ಟಲೆ ಜೊತೆಗಿದ್ದ ಭಾಷೆಗಳು ಪದಗಳಿಗಿಂತ ಹೆಚ್ಚಾಗಿ ಇಂಥ ಅಭ್ಯಾಸಗಳನ್ನ ಕಡ ತಗೋತಾವೆ.

ಇನ್ನು ಸಾಠ್ ಕಬರಿಗೆ ಹೋಗೋಣ. ಈ ವ್ಯಾಕರಣವನ್ನ ಅಲ್ಲಿ ಹಚ್ಚಿ ನೋಡೋಣ.

ಮೊದಲು ಅಂತ ಬೇಡದ ವಾಕ್ಯಗಳು. ಗೋರಿಗಳು ಇವೆ, ಅರವತ್ತಕ್ಕಿಂತ ಹೆಚ್ಚಿವೆ, ಬರಹಗಳಲ್ಲಿ ಸಾಮಾನ್ಯವಾಗಿ ಕಾಣೋ ಎಣಿಕೆ 63. ಹತ್ತಿರದಲ್ಲೇ ಅಫಜಲಖಾನ ಕಟ್ಟಿಸಿದ ಮಸೀದಿ ಇದೆ, ಅದು ಮುಗಿದದ್ದು 1653ರಲ್ಲಿ. ಪಕ್ಕದಲ್ಲಿ ತನಗಾಗಿ ಕಟ್ಟಿಸಿಕೊಂಡ ಗೋರಿಯ ಕಟ್ಟಡ ಇದೆ, ಅದು ಅರ್ಧಕ್ಕೇ ನಿಂತಿದೆ. ಖಾನ ಶಿವಾಜಿಯ ಮೇಲೆ ದಂಡೆತ್ತಿ ಹೋಗಿ 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಸತ್ತ, ಅವನನ್ನ ಹೂಳಿದ್ದೂ ಅಲ್ಲೇ. ಇದು ಹಲವು ಕಡೆಯ ಬರಹಗಳಲ್ಲಿ ಇರೋ ಸಂಗತಿ. ಹಾಗಾಗಿ ವಿಜಯಪುರದ ಆ ಗೋರಿ ಯಜಮಾನನಿಗಾಗಿ ಕಾದೇ ಉಳಿಯಿತು. ನಾವ್ಯಾರೂ 1659ರಲ್ಲಿ ಇರಲಿಲ್ಲ, ಆದರೂ ಖಾನ ಸತ್ತನಂತೆ ಅಂತ ಯಾರೂ ಹೇಳಲ್ಲ. ಪತಂಜಲಿಯ ಆ ಮುತ್ತಿಗೆಯ ಹಾಗೆ, ಲೋಕಕ್ಕೆ ಗೊತ್ತಿರೋದು.

ಇಲ್ಲಿ ಬಬಲೇಶ್ವರದ ಕಡೆಯ ಒಂದು ಮಾತು ನೆನಪಾಗುತ್ತೆ. ಆ ತಾಲೂಕಿನ ಮಮದಾಪುರದ ದೊಡ್ಡ ಕೆರೆಯ ದಂಡೆಯಲ್ಲಿ ನಿಂತು ಯಾರನ್ನಾದರೂ ಕೇಳಿ, “ಬಾದಶಾ ಕಟ್ಟಿಸ್ಯಾನ್ರಿ” ಅಂತಾರೆ. ಕಟ್ಟಿಸಿದನಂತ ಅಲ್ಲ, ಕಟ್ಟಿಸ್ಯಾನ. ಹದಿನೇಳನೇ ಶತಮಾನದ ಮಹಮ್ಮದ್ ಆದಿಲ್ ಶಾಹನನ್ನ ನಿನ್ನೆ ಮೊನ್ನೆ ಬಂದು ಹೋದ ಕಂತ್ರಾಟುದಾರನ ಹಾಗೆ ಹೇಳೋದು ತಮಾಷೆ ಅನಿಸುತ್ತೆ. ಆದರೆ ಉತ್ತರ ಕರ್ನಾಟಕದ ಈ ‘-ಆನ’ ರೂಪ ಮಾಡಿದ ಕೆಲಸದ ಫಲ ಈಗಲೂ ಎದುರಿಗಿದ್ದಾಗ ಬರುವಂಥದ್ದು. ಏರಿ ಇದೆ, ನೀರಿದೆ, ಊರಿನ ಹೆಸರಿನಲ್ಲೇ ಅವನ ಹೆಸರಿದೆ. ಕೆರೆಯೇ ಸಾಕ್ಷಿ ಹೇಳುತ್ತಿರುವಾಗ ಅಂತ ಬೇಕಿಲ್ಲ.

ಸಾಠ್ ಕಬರಿನ ಕಲ್ಲುಗಳೂ ಹಾಗೇ ಏನಾದರೂ ಹೇಳ್ತಾವಾ? ಸ್ವಲ್ಪ ಹೇಳ್ತಾವೆ. ಈ ಗೋರಿಗಳ ತಲೆ ಹಲಗೆಯ ಹಾಗೆ ಸಪಾಟಾಗಿದೆ. ದಖ್ಖನಿನಲ್ಲಿ ಗಂಡಸಿನ ಗೋರಿಯ ಮೇಲೆ ಉದ್ದಕ್ಕೂ ಒಂದು ದಿಂಡು ಇರೋದು, ಹೆಂಗಸಿನದು ಸಪಾಟಾಗಿರೋದು ರೂಢಿ. ಹಾಗಾಗಿ ಇವು ಹೆಂಗಸರವು ಇರಬೇಕು. ಎಲ್ಲದರ ಅಳತೆ, ಕೆತ್ತನೆ ಒಂದೇ ಇರೋದರಿಂದ ಒಂದೇ ಕಾಲದಲ್ಲಿ ಒಂದೇ ಕಡೆಯ ಕಲ್ಲುಕುಟಿಗರು ಮಾಡಿರಬೇಕು. ಖಾನನ ಮಸೀದಿ, ಗೋರಿಯ ಪಕ್ಕದಲ್ಲೇ ಇರೋದರಿಂದ ಅವನ ಮನೆಗೆ ಸಂಬಂಧಪಟ್ಟವರವು ಇರಬಹುದು. ಈ ಮೂರು ವಾಕ್ಯದ ಕೊನೆ ನೋಡಿ: ಇರಬೇಕು, ಇರಬೇಕು, ಇರಬಹುದು. ಕನ್ನಡದಲ್ಲಿ ಕಣ್ಣಿಗೂ ಕಿವಿಗೂ ನಡುವೆ ಮೂರನೆಯ ದಾರಿ ಇದು, ಕುರುಹು ನೋಡಿ ಊಹಿಸೋದು. ಬೆಳಿಗ್ಗೆ ಅಂಗಳ ತೊಯ್ದಿದ್ದರೆ “ರಾತ್ರಿ ಮಳಿ ಆಗಿರಬೇಕು”, ಪಕ್ಕದ ಮನೆಯವರು ಹೇಳಿದರೆ “ರಾತ್ರಿ ಮಳಿ ಆತಂತ”. ಎರಡನ್ನ ಅದಲುಬದಲು ಮಾಡಿದರೆ ಸುಳ್ಳು ಹೇಳಿದಂತಾಗುತ್ತೆ, ಮಳೆ ನಿಜವಾಗಿ ಬಂದಿದ್ದರೂ.

ಆದರೆ ‘ಇರಬೇಕು’ಗೆ ಒಂದು ಶಿಸ್ತು ಇದೆ. ಅದೇ ಕುರುಹು ಬೇರೆ ರೀತಿಯಲ್ಲೂ ಉಂಟಾಗಬಹುದಾ ಅಂತ ಕೇಳಿಕೊಳ್ಳಬೇಕು. ಗೋರಿಗಳು ಒಂದೇ ತರ ಇವೆ, ಆದ್ದರಿಂದ ಎಲ್ಲರೂ ಒಂದೇ ದಿನ ಸತ್ತರು ಅನ್ನೋದು ಕಥೆಯವರ ವಾದ. ಒಂದೇ ತರ ಇವೆ ಅನ್ನೋದರಿಂದ ಗೊತ್ತಾಗೋದು ಒಂದೇ ಸಲ ಕೆತ್ತಿದರು ಅನ್ನೋದಷ್ಟೇ. ಬದುಕಿರುವಾಗಲೇ ತನ್ನ ಗೋರಿ ಕಟ್ಟಿಸಿಕೊಂಡ ಮನುಷ್ಯ, ಮನೆಯ ಹೆಂಗಸರಿಗೂ ಒಂದೇ ಬಾರಿಗೆ ಜಾಗ ಗೊತ್ತುಮಾಡಿ ಕಲ್ಲು ಹೊಂದಿಸಿರಬಹುದು. ಕಲ್ಲು ಒಂದೇ ವರ್ಷದ್ದಾದರೆ ಸಾವೂ ಒಂದೇ ವರ್ಷದ್ದು ಆಗಬೇಕಿಲ್ಲ. ಹಾಗೆ ಆಗಿತ್ತು ಅಂತ ನನ್ನ ವಾದವಲ್ಲ, ಆದರೆ ಕಲ್ಲು ಎರಡನ್ನೂ ಅಷ್ಟೇ ಚೆನ್ನಾಗಿ ಹೊರುತ್ತೆ.

ಉಳಿದದ್ದೆಲ್ಲ ಶುದ್ಧ ಅಂತ. ಜ್ಯೋತಿಷಿ ನೀನು ತಿರುಗಿ ಬರೋದಿಲ್ಲ ಅಂದನಂತ. ಖಾನ ತನ್ನ ಸಾವಿನ ವರ್ಷವನ್ನ ಹೊರಡೋ ಮೊದಲೇ ಗೋರಿಯ ಮೇಲೆ ಬರೆಸಿದನಂತ. ತಾನು ಸತ್ತ ಮೇಲೆ ಹೆಂಡಂದಿರು ಬೇರೆಯವರ ಕೈ ಸೇರಬಾರದು ಅಂತ ಒಬ್ಬೊಬ್ಬರನ್ನಾಗಿ ಬಾವಿಗೆ ನೂಕಿದನಂತ. ಒಬ್ಬಾಕಿ ಓಡಿಹೋಗಲು ನೋಡಿ ಸಿಕ್ಕಿಬಿದ್ದಳಂತ. ಇಲ್ಲ, ತಪ್ಪಿಸಿಕೊಂಡಳಂತ, ಅದಕ್ಕೇ ಒಂದು ಗೋರಿ ಖಾಲಿಯಂತ. ಹೇಳುವವರು ಬದಲಾದ ಹಾಗೆ ವಿವರ ಬದಲಾಗುತ್ತೆ. ಕಣ್ಣಿನ ಪಟ್ಟಿಯಲ್ಲಿದ್ದ ಸಂಗತಿಗಳು ಹಾಗೆ ಬದಲಾಗಲ್ಲ, ಹತ್ತು ಜನ ಹೋಗಿ ಎಣಿಸಿದರೆ ಹೆಚ್ಚು ಕಡಿಮೆ ಒಂದೇ ಸಂಖ್ಯೆ ಬರುತ್ತೆ. ಈ ಕಥೆ ಹೇಳೋ ಶಾಸನ ಆ ಕಟ್ಟೆಯ ಮೇಲೆ ಇಲ್ಲ.

ಇಲ್ಲೇ ಅಂತದ ದೊಡ್ಡ ಮಿತಿಯೂ ಕಾಣುತ್ತೆ. ಅದು ದೂರ ಅಳೆಯಲ್ಲ. ನಿನ್ನೆ ಪಕ್ಕದ ಮನೆಯಲ್ಲಿ ಜಗಳ ಆಯಿತಂತ ಅನ್ನುವಾಗ ನಡುವೆ ಒಂದು ಬಾಯಿ ಇದೆ, ಬೇಕಾದರೆ ಹೋಗಿ ಕೇಳಬಹುದು. ಖಾನ ಹೆಂಡ್ರನ್ನ ಕೊಂದನಂತ ಅನ್ನುವಾಗ ನಡುವೆ ಮುನ್ನೂರೈವತ್ತು ವರ್ಷಕ್ಕೂ ಮಿಕ್ಕಿದ ಬಾಯಿಗಳಿವೆ. ಎರಡಕ್ಕೂ ಒಂದೇ ಅಂತ. ಹತ್ತು ಬಾಯಿ ದಾಟಿ ಬಂದರೆ ಹತ್ತು ಅಂತ ಹಚ್ಚೋ ಪದ್ಧತಿ ಇಲ್ಲ, ಹೊಸ ಬಾಯಿ ಹಳೆಯ ಅಂತವನ್ನ ಅಳಿಸಿ ತನ್ನದೊಂದನ್ನ ಹಚ್ಚುತ್ತೆ ಅಷ್ಟೇ. ಹಾಗಾಗಿ ಸುದ್ದಿ ಎಷ್ಟು ಹಳೆಯದು, ಎಷ್ಟು ಕೈ ಬದಲಾಗಿದೆ ಅನ್ನೋದು ತಿಳಿಯಬೇಕಾದರೆ ಫೆರಿಷ್ತಾ ಮಾಡಿದ ಹಾಗೆ ಯಾರಿಂದ ಅಂತ ಬಿಡಿಸಿ ಹೇಳೋದು ಬಿಟ್ಟು ಬೇರೆ ದಾರಿ ಇಲ್ಲ.

ನ್ಯಾಯಾಲಯಕ್ಕೆ ಇದು ಮೊದಲಿಂದಲೂ ಗೊತ್ತು. 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಮು, ನೋಡಬಹುದಾದ ಸಂಗತಿಗೆ ನೋಡಿದವನೇ ಬಂದು ಹೇಳಬೇಕು, ಕೇಳಬಹುದಾದ ಸಂಗತಿಗೆ ಕೇಳಿದವನೇ ಬರಬೇಕು ಅಂತ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ತತ್ವ ಹಾಗೇ ಇದೆ. ಸಾಕ್ಷಿ ಕಟ್ಟೆಯಲ್ಲಿ ನಿಂತವನ ಬಾಯಿಂದ “ಹೊಡೆದನಂತ್ರೀ” ಅಂತ ಬಂದರೆ ಎದುರಿನ ವಕೀಲರಿಗೆ ಅಷ್ಟೇ ಸಾಕು. ಆದಿಲ್ ಶಾಹಿ ಕಾಲದಲ್ಲಿ ವತನದ ಜಗಳ ಬಂದಾಗ ಊರಿನ ಹಿರಿಯರನ್ನ, ಅಧಿಕಾರಿಗಳನ್ನ ಕೂಡಿಸಿ, ಸಾಕ್ಷಿ ಕೇಳಿ ಬರೆಸುತ್ತಿದ್ದ ತೀರ್ಪಿನ ಕಾಗದಕ್ಕೆ ಮಹಜರ್ ಅನ್ನುತ್ತಿದ್ದರು. ಅರಬ್ಬಿ ಮೂಲದ ಆ ಪದದೊಳಗಿರೋದು ‘ಹಾಜರು’. ಇವತ್ತಿನ ಪೊಲೀಸರ ಸ್ಥಳ ಮಹಜರು ಅದೇ ಪದ. ಪಂಚರು ಹಾಜರಿದ್ದು ಕಂಡದ್ದಕ್ಕೆ ಸಹಿ ಹಾಕಬೇಕು, ಕೇಳಿದ್ದಕ್ಕಲ್ಲ.

ಊರಕಥೆಗೆ ಇಷ್ಟು ಕಟ್ಟಳೆ ಯಾಕೆ ಅನ್ನಬಹುದು. ಕಥೆ ಕಥೆಯಾಗಿ ಓಡಾಡಿದರೆ ಯಾರಿಗೂ ನಷ್ಟವಿಲ್ಲ, ಒಂದೂರಾಗ ಒಬ್ಬ ರಾಜಾ ಇದ್ದನಂತ ಅನ್ನೋ ಸಾಲಿಗೆ ಅದು ಸೇರುತ್ತೆ, ಕೇಳುವವರು ಹೂಂ ಅಂತಾರೆ. ಆದರೆ ಅಫಜಲಖಾನನ ಹೆಸರು ಈಗ ಬರೀ ಕಥೆಯ ಹೆಸರಲ್ಲ. ಅವನ ಬಗ್ಗೆ ಏನು ಹೇಳಿದರೂ ಇವತ್ತಿನ ಯಾರನ್ನೋ ಬಡಿಯೋಕೆ ಕೋಲು ಮಾಡಿಕೊಳ್ಳುವವರಿದ್ದಾರೆ. ವಾಟ್ಸಾಪಿನಲ್ಲಿ ಒಂದು ಸಾಲು ಕನ್ನಡದಿಂದ ಹಿಂದಿಗೆ, ಹಿಂದಿಯಿಂದ ಇಂಗ್ಲಿಷಿಗೆ, ಮತ್ತೆ ಕನ್ನಡಕ್ಕೆ ಬಂದರೆ ಮೊದಲು ಸಾಯೋದು ಆ ಎರಡಕ್ಷರ. ವಿಜಯಪುರದ ಅಜ್ಜಿ ಅಂತ ಹಚ್ಚಿ ಹೇಳಿದ ಮಾತು, ಅವಳ ಮೊಮ್ಮಗನ ಫೋನಿಗೆ ಅಂತ ಇಲ್ಲದೆ ವಾಪಸ್ ಬರುತ್ತೆ. ಕಥೆಯನ್ನ ಅಲ್ಲಗಳೆಯಲು ಹೊರಡುವವರೂ ಅದೇ ತಪ್ಪು ಮಾಡ್ತಾರೆ, ಬಾಲ ಕಿತ್ತು ‘ಕೊಂದಿಲ್ಲ’ ಅಂತ ಘೋಷಿಸ್ತಾರೆ. ಅವರೂ ಅಲ್ಲಿರಲಿಲ್ಲ.

ಈ ಎಳೆದಾಟದಲ್ಲಿ ಖಾನನ ಬಗ್ಗೆ ಎರಡೂ ಕಡೆಯವರಿಗೆ ಚಿಂತೆ. ಆ ಸಪಾಟು ಕಲ್ಲಿನ ಕೆಳಗಿರೋ ಅರವತ್ತಕ್ಕೂ ಹೆಚ್ಚು ಹೆಂಗಸರ ಒಂದು ಹೆಸರೂ ಕಥೆಯಲ್ಲಿ ಬರಲ್ಲ.

ಅಲ್ಲಿ ಒಂದು ಫಲಕ ಬರೆಯೋ ಕೆಲಸ ನನಗೆ ಬಂದರೆ ಮೂರು ವಾಕ್ಯ ಸಾಕು, ಅದೂ ಊರಿನ ಕನ್ನಡದಲ್ಲೇ. ‘ಇಲ್ಲಿ ಅರವತ್ತಕ್ಕಿಂತ ಹೆಚ್ಚು ಗೋರಿ ಅದಾವ. ಹೆಣ್ಣಮಕ್ಕಳವು ಇರಬೇಕು. ಅಫಜಲಖಾನನ ಹೆಂಡ್ರಂತ, ಅವನ ಕೊಂದನಂತ.’ ದಖನಿಗೂ ಮರಾಠಿಗೂ ಇದನ್ನ ತಿರುಗಿಸೋದು ಸಲೀಸು, ಬಾಲಕ್ಕೆ ಬಾಲ ಸಿದ್ಧ ಇದೆ. ಇಂಗ್ಲಿಷಿನ ಸಾಲು ಮಾತ್ರ ಉದ್ದ ಆಗುತ್ತೆ. ಆಗಲಿ, ಫಲಕದಲ್ಲಿ ಜಾಗ ಇರುತ್ತೆ.